ಉಪ ಅಂದ್ರೆ ಎಷ್ಟನೇ ಮೆಟ್ಟಿಲು?



ಇವತ್ತು ಸ್ವಲ್ಪ ಉದ್ದ ಬರೀತಿದ್ದೀನಿ. ಸಮಯ ಮಾಡ್ಕೊಂಡು ಓದಿ. ವಿಷಯ ನೋಡೋಕೆ ಅಂಗೈಯಷ್ಟೂ ಇಲ್ಲ. ವಿಸಿಟಿಂಗ್ ಕಾರ್ಡು. ಒಂದು ಮುಖದಲ್ಲಿ ಇಂಗ್ಲಿಷು, ತಿರುಗಿಸಿದರೆ ಕನ್ನಡ ಇರುತ್ತಲ್ಲ, ಅದು.

ಮಂಡ್ಯ, ಮದ್ದೂರು, ಮಳವಳ್ಳಿ ಕಚೇರಿಗಳಿಗೆ ಅರ್ಜಿ ಹಿಡ್ಕೊಂಡು ಓಡಾಡಿ ಓಡಾಡಿ ನನ್ನ ಹತ್ರ ಒಂದು ಬಿಸ್ಕತ್ ಡಬ್ಬಿ ತುಂಬಾ ಕಾರ್ಡುಗಳು ಸೇರಿವೆ. ಇರೋರಿಗೆ ಕಾರ್ಡು ಅಂದ್ರೆ ಜೇಬಿನ ಅಲಂಕಾರ. ನಮ್ಮ ಕೇರಿಯವರಿಗೆ ಹಾಗಲ್ಲ. 'ಯಾರೋ ಒಬ್ಬ ಸಾಹೇಬರು ನನ್ನ ಮಾತು ಕೇಳಿಸಿಕೊಂಡರು' ಅನ್ನೋದಕ್ಕೆ ಅವರ ಕೈಲಿರೋ ಏಕೈಕ ದಾಖಲೆ ಅದು. ರೇಷನ್ ಕಾರ್ಡಿನ ಜೊತೆ ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟುಕೊಂಡಿರ್ತಾರೆ. ಆದರೆ ಆ ಸಾಹೇಬರು ಎಷ್ಟನೇ ಮೆಟ್ಟಿಲಿನವರು, ಅವರ ಕೈಲಿ ಏನಾಗುತ್ತೆ, ಏನಾಗಲ್ಲ ಅನ್ನೋದನ್ನ ಆ ಕಾರ್ಡು ಹೇಳುತ್ತಾ? ಬಹಳ ಸಲ ಹೇಳಲ್ಲ. ಕೆಲವು ಸಲ ತಪ್ಪಾಗಿ ಹೇಳುತ್ತೆ. ಅದರಿಂದ ಏನಾಗುತ್ತೆ ಅಂತ ಕಂಡಿದ್ದನ್ನ ಬರೀತೀನಿ.

ಮೊದಲು 'ಉಪ'ದ ಕತೆ.

ನಮ್ಮ ಜಿಲ್ಲೆಯದೇ ಒಂದು ಹಳ್ಳಿ. ಊರು, ಠಾಣೆ, ಹೆಸರು ಯಾವುದೂ ಬೇಡ. ಹಬ್ಬದ ದಿನ ನಮ್ಮ ಹುಡುಗನೊಬ್ಬನಿಗೆ ಜಾತಿ ಹಿಡಿದು ಬೈದು ಹೊಡೆದಿದ್ದರು. ದೂರು ಕೊಟ್ಟರು, ಎಫ್‌ಐಆರ್ ಆಯಿತು, ದೌರ್ಜನ್ಯ ತಡೆ ಕಾಯ್ದೆಯೂ ಸೇರಿತು. ಅಲ್ಲಿವರೆಗೆ ಸರಿ. ಹುಡುಗನ ಅಣ್ಣ ಪಿಯುಸಿ ಓದಿದವನು, ಚುರುಕು. 1995ರ ನಿಯಮಗಳಲ್ಲಿ 7ನೇ ನಿಯಮವನ್ನು ಮೊಬೈಲಿನಲ್ಲಿ ಕನ್ನಡದಲ್ಲೇ ಓದಿಕೊಂಡಿದ್ದ. ಇಂಥ ಕೇಸಿನ ತನಿಖೆಯನ್ನು ಪೊಲೀಸ್ ಉಪ ಅಧೀಕ್ಷಕರ ದರ್ಜೆಗಿಂತ ಕೆಳಗಿನವರು ಮಾಡುವ ಹಾಗಿಲ್ಲ ಅನ್ನೋ ನಿಯಮ ಅದು.

ಎರಡು ದಿನ ಬಿಟ್ಟು ಫೋನ್ ಮಾಡಿದ.

'ಅಣ್ಣ, ಉಪದವ್ರೇ ಬಂದಿದ್ರು ಕಣಣ್ಣ. ಮಹಜರ್ ಮಾಡಿದ್ರು, ನಮ್ಮವ್ವುನ್ ಹೇಳಿಕೇನೂ ಬರಕೊಂಡ್ರು. ಕಾರ್ಡ್ ಕೊಟ್ಟವ್ರೆ.'

'ಕಾರ್ಡಿನ ಫೋಟೋ ಹಾಕು' ಅಂದೆ. ಬಂತು. ಕನ್ನಡದ ಮುಖದಲ್ಲಿ ಚೆನ್ನಾಗಿ, ದಪ್ಪ ಅಕ್ಷರದಲ್ಲಿ ಇತ್ತು: 'ಪೊಲೀಸ್ ಉಪ ನಿರೀಕ್ಷಕರು'.

'ಕಾರ್ಡ್ ತಿರುಗಿಸಿ ಇನ್ನೊಂದು ಫೋಟೋ ಹಾಕು' ಅಂದೆ. ಹಿಂದೆ ಇಂಗ್ಲಿಷಿನಲ್ಲಿ ಇದ್ದದ್ದು ಸಬ್ ಇನ್‌ಸ್ಪೆಕ್ಟರ್ ಆಫ್ ಪೊಲೀಸ್. ಅಂದ್ರೆ ಪಿಎಸ್‌ಐ. ಕಾಯ್ದೆ ಕೇಳೋದು ಡೆಪ್ಯುಟಿ ಸೂಪರಿಂಟೆಂಡೆಂಟ್ ಆಫ್ ಪೊಲೀಸ್, ಅಂದ್ರೆ ಡಿವೈಎಸ್ಪಿ. ಇಬ್ಬರ ನಡುವೆ ಇನ್‌ಸ್ಪೆಕ್ಟರ್ ಅನ್ನೋ ಪೂರಾ ಒಂದು ಮೆಟ್ಟಿಲಿದೆ. ಇಂಗ್ಲಿಷಿನಲ್ಲಿ 'ಸಬ್' ಬೇರೆ, 'ಡೆಪ್ಯುಟಿ' ಬೇರೆ. ಕನ್ನಡಕ್ಕೆ ಬರುವಾಗ ಎರಡೂ 'ಉಪ' ಆಗಿಬಿಟ್ಟವು. ಉಪ ನಿರೀಕ್ಷಕ, ಉಪ ಅಧೀಕ್ಷಕ. ಆ ಹುಡುಗ ನಿಯಮ ಸರಿಯಾಗಿಯೇ ಓದಿದ್ದ. 'ಉಪ' ಹುಡುಕಿದ, ಸಿಕ್ತು. ನಿರೀಕ್ಷಕನಿಗೂ ಅಧೀಕ್ಷಕನಿಗೂ ಇರೋ ದೂರ ಯಾವ ಪಠ್ಯಪುಸ್ತಕದಲ್ಲೂ ಅವನಿಗೆ ಹೇಳಿಕೊಟ್ಟಿರಲಿಲ್ಲ. ಎರಡು ಪದಕ್ಕೂ ನಿಘಂಟಿನ ಅರ್ಥ ನೋಡಿದರೆ 'ಮೇಲೆ ನಿಂತು ನೋಡಿಕೊಳ್ಳುವವನು' ಅಂತಲೇ ಬರುತ್ತೆ.

ಇದು ಬರೀ ಪದದ ಜಗಳ ಅಂದ್ಕೋಬೇಡಿ. ಎಫ್‌ಐಆರ್ ದಾಖಲಿಸೋದು ಠಾಣೆಯ ಪಿಎಸ್‌ಐ ಕೆಲಸವೇ, ಅದರಲ್ಲಿ ತಪ್ಪಿಲ್ಲ. ಆದರೆ ತನಿಖೆಯನ್ನೂ ಅವರೇ ಮಾಡಿಬಿಟ್ಟರೆ ಆರೋಪಿಯ ವಕೀಲರಿಗೆ ಮೊದಲ ದಿನವೇ ಅಸ್ತ್ರ ಸಿಕ್ಕ ಹಾಗೆ. 2009ರಲ್ಲಿ ಮಧ್ಯಪ್ರದೇಶದ ಚುನ್ನಿಲಾಲ್ ಅನ್ನೋರ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿದೆ. ಡಿವೈಎಸ್ಪಿ ದರ್ಜೆಗಿಂತ ಕೆಳಗಿನವರು ಮಾಡಿದ ತನಿಖೆ ದೌರ್ಜನ್ಯ ಕಾಯ್ದೆಯ ಮಟ್ಟಿಗೆ ನಿಲ್ಲಲ್ಲ, ಬೇರೆ ಅಪರಾಧಗಳ ಕೇಸು ಮಾತ್ರ ಮುಂದುವರಿಯಬಹುದು ಅಂತ. ಅಂದ್ರೆ ಹೊಡೆದದ್ದು ಉಳಿಯುತ್ತೆ, ಜಾತಿ ಹಿಡಿದು ಬೈದದ್ದು ಬಿದ್ದುಹೋಗುತ್ತೆ. ನಮಗೆ ನೋವಾಗಿದ್ದು ಯಾವುದೋ, ಅದೇ ಕೋರ್ಟಿನ ಹೊರಗೆ ಉಳಿಯುತ್ತೆ.

ಅವತ್ತೇ ಮಂಡ್ಯಕ್ಕೆ ಹೋಗಿ ಎಸ್ಪಿ ಕಚೇರಿಯಲ್ಲಿ ಮನವಿ ಕೊಟ್ಟು ಸ್ವೀಕೃತಿ ಸೀಲು ಹಾಕಿಸಿಕೊಂಡೆವು. ಮನವಿಯಲ್ಲಿ 'ಉಪ' ಅನ್ನೋ ಪದವನ್ನೇ ಬಳಸಲಿಲ್ಲ. '7ನೇ ನಿಯಮದಂತೆ ಡಿವೈಎಸ್ಪಿ ಅವರನ್ನು ತನಿಖಾಧಿಕಾರಿಯಾಗಿ ನೇಮಿಸಿದ ಆದೇಶದ ಪ್ರತಿ ಕೊಡಿ' ಅಂತ ಅಷ್ಟೇ ಬರೆದೆವು. ಐದನೇ ದಿನ ಡಿವೈಎಸ್ಪಿ ಬಂದರು. ಸ್ಥಳ ನೋಡಿದರು, ಮಹಜರ್ ಮತ್ತೆ ಆಯಿತು, ತಾಯಿಯ ಹೇಳಿಕೆ ಮತ್ತೆ ಆಯಿತು. ಆ ತಾಯಿ ಅದೇ ಮಾತುಗಳನ್ನ ಎರಡನೇ ಸಲ ಹೇಳಬೇಕಾಯಿತು. ಅದು ಸುಲಭ ಅಲ್ಲ. ಚಾರ್ಜ್‌ಶೀಟ್ ಹೋಗಿದೆ, ಕೇಸು ಕೋರ್ಟಿನಲ್ಲಿದೆ.

ಹಾಗಾದರೆ ಗುರುತಿಸೋದು ಹೇಗೆ? ಪೊಲೀಸರ ಕಾರ್ಡಿನಲ್ಲಿ ಹುದ್ದೆಗಿಂತ ಅದರ ಕೆಳಗಿನ ಸಾಲು ನಿಜ ಹೇಳುತ್ತೆ. ಕೆಳಗೆ 'ಠಾಣೆ' ಅಂತಿದ್ದರೆ ಒಂದು ಮಟ್ಟ. 'ವೃತ್ತ' ಅಂತಿದ್ದರೆ ಇನ್‌ಸ್ಪೆಕ್ಟರ್. 'ಉಪ ವಿಭಾಗ' ಅಂತಿದ್ದರೆ ಡಿವೈಎಸ್ಪಿ. ಕಾರ್ಡೇ ಇಲ್ಲದಿದ್ದರೆ ಭುಜ ನೋಡಿ. ಪಿಎಸ್‌ಐಗೆ ಎರಡು ನಕ್ಷತ್ರ, ಇನ್‌ಸ್ಪೆಕ್ಟರ್‌ಗೆ ಮೂರು, ಇಬ್ಬರಿಗೂ ಕೆಂಪು-ನೀಲಿ ಪಟ್ಟಿ ಇರುತ್ತೆ. ಮೂರು ನಕ್ಷತ್ರ ಇದ್ದು ಪಟ್ಟಿ ಇಲ್ಲದಿದ್ದರೆ ಅವರು ಡಿವೈಎಸ್ಪಿ. ಭುಜಕ್ಕೆ ಅನುವಾದದ ತೊಂದರೆ ಇಲ್ಲ.

ಅದೇ 'ಉಪ' ಇನ್ನೊಂದು ಕಡೆ ಉಲ್ಟಾ ಮೋಸ ಮಾಡುತ್ತೆ.

ಮದ್ದೂರು ತಾಲ್ಲೂಕಿನ ಒಬ್ಬರು ಹಿರಿಯರು. ಅವರಪ್ಪನಿಗೆ ಸರ್ಕಾರ ಮಂಜೂರು ಮಾಡಿದ್ದ ಜಮೀನು ಪರವಾನಗಿ ಇಲ್ಲದೆ ಬೇರೆಯವರ ಕೈ ಸೇರಿತ್ತು. 1978ರ ಪಿಟಿಸಿಎಲ್ ಕಾಯ್ದೆ ಇರೋದೇ ಇಂಥ ಜಮೀನಿಗಾಗಿ. ಅರ್ಜಿ ಕೊಡಬೇಕಾದ್ದು ಅಸಿಸ್ಟೆಂಟ್ ಕಮಿಷನರ್ ಹತ್ತಿರ. ವಿಚಾರಣೆ ಮಾಡಿ, ಕ್ರಯ ರದ್ದು ಅಂತ ಆದೇಶ ಮಾಡಿ, ಜಮೀನು ಬಿಡಿಸಿಕೊಡೋ ಅಧಿಕಾರ ಅವರದು. ಹಿರಿಯರ ಕೈಲಿ ಯಾರೋ ಕೊಟ್ಟ ಎ.ಸಿ. ಕಾರ್ಡೂ ಇತ್ತು. ಆದರೂ ಏಳು ತಿಂಗಳಿಂದ ಅವರು ಓಡಾಡುತ್ತಿದ್ದದ್ದು ತಾಲ್ಲೂಕು ಕಚೇರಿಗೆ. ಯಾಕೆ ಅಂತ ಕೇಳಿದೆ.

'ಅಲ್ಲ ಕಣಪ್ಪ, ಇಂಗ್ಲಿಷ್ ಕಡೆ ಅಸಿಸ್ಟೆಂಟು ಅಂತದೆ, ಮೊಮ್ಮಗ ಓದ್ದ. ಕನ್ನಡದ ಕಡೆ ಉಪ ಅಂತದೆ. ಎಲ್ಡು ಕಡೆನೂ ಕೆಳಗಿನೋರೆ ಅಂದಂಗಾಯ್ತು. ತಹಶೀಲ್ದಾರ್ರು ಅಂದ್ರೆ ತಾಲ್ಲೂಕಿಗೇ ದೊಡ್ಡೋರು. ದೊಡ್ಡೋರ್ನ ಬಿಟ್ಟು ಅಸಿಸ್ಟೆಂಟ್ ತಾವ್ಕೆ ಯಾಕೋಗ್ಲಿ?'

ಅವರ ಲೆಕ್ಕದಲ್ಲಿ ಏನೂ ಕುಂದಿಲ್ಲ. ಕಾರ್ಡೇ ಹಾಗಿದೆ. ಅಸಿಸ್ಟೆಂಟ್ ಕಮಿಷನರ್‌ಗೆ ಕನ್ನಡದಲ್ಲಿ 'ಉಪವಿಭಾಗಾಧಿಕಾರಿ' ಅಂತಾರೆ. ಇಲ್ಲಿ 'ಉಪ' ಅಧಿಕಾರಿಗೆ ಅಂಟಿಲ್ಲ, ವಿಭಾಗಕ್ಕೆ ಅಂಟಿದೆ. ಉಪವಿಭಾಗ ಅನ್ನೋದೊಂದು ಜಾಗ, ಅದಕ್ಕೆ ಅವರು ಪೂರ್ತಿ ಅಧಿಕಾರಿ. ನಮ್ಮ ಜಿಲ್ಲೆಯಲ್ಲಿ ಮಂಡ್ಯ, ಪಾಂಡವಪುರ ಅಂತ ಎರಡು ಉಪವಿಭಾಗ. ಮಂಡ್ಯ, ಮದ್ದೂರು, ಮಳವಳ್ಳಿ ಮೂರು ತಾಲ್ಲೂಕಿನ ತಹಶೀಲ್ದಾರರ ಮೇಲೂ ಮಂಡ್ಯದ ಎ.ಸಿ. ಇರ್ತಾರೆ. ಉಪ ನಿರೀಕ್ಷಕರಲ್ಲಿ 'ಉಪ' ಆ ಮನುಷ್ಯನನ್ನು ಕೆಳಗಿಳಿಸುತ್ತೆ, ಉಪವಿಭಾಗಾಧಿಕಾರಿಯಲ್ಲಿ ಬರೀ ಜಾಗದ ಗಡಿ ಹೇಳುತ್ತೆ. ಒಂದೇ ಎರಡಕ್ಷರ, ಎರಡು ಕೆಲಸ. ಪದ ಎಲ್ಲಿ ಒಡೆಯುತ್ತೆ ಅಂತ ನೋಡಿದರೆ ಮಾತ್ರ ಗೊತ್ತಾಗೋದು.

ಇನ್ನು ಡಿ.ಸಿ. ಡೆಪ್ಯುಟಿ ಕಮಿಷನರ್ ಅಂದ್ರೆ 'ಉಪ ಆಯುಕ್ತ' ಆಗಬೇಕಿತ್ತು. ಅಬಕಾರಿ ಇಲಾಖೆಯಲ್ಲಿ ಹಾಗೇ ಇದೆ, ಅಬಕಾರಿ ಉಪ ಆಯುಕ್ತರು. ಆದರೆ ಜಿಲ್ಲೆ ಆಳುವವರು ಮಾತ್ರ ಕನ್ನಡದಲ್ಲಿ 'ಜಿಲ್ಲಾಧಿಕಾರಿಗಳು'. ಕಾರಣ ಹಳೇದು. 1831ರಿಂದ 1881ರವರೆಗೆ ಮೈಸೂರು ಸೀಮೆಯನ್ನು ಬ್ರಿಟಿಷ್ ಕಮಿಷನರುಗಳು ಆಳಿದರು. ಆ ಕಮಿಷನರ ಕೈಕೆಳಗೆ ಜಿಲ್ಲೆಗೊಬ್ಬ ಡೆಪ್ಯುಟಿ. ಆ ಕಮಿಷನರ್ ಹೋಗಿ ಕಾಲವಾಯಿತು, ಡೆಪ್ಯುಟಿ ಅನ್ನೋ ಹೆಸರು ಉಳೀತು. ಮಂಡ್ಯ ಜಿಲ್ಲೆ ಆಗಿದ್ದೇ 1939ರಲ್ಲಿ, ನಮಗೂ ಅದೇ ಹೆಸರು ಬಂತು. ಇಂಗ್ಲಿಷ್ ಮುಖ ಇಂದಿಗೂ ಇಲ್ಲದ ಯಜಮಾನನಿಗೆ ಕೈಮುಗೀತಿದೆ, ಕನ್ನಡದ ಮುಖ ಇರೋ ಅಧಿಕಾರವನ್ನ ನೇರವಾಗಿ ಹೇಳುತ್ತೆ. ಇಲ್ಲಿ ಕನ್ನಡವೇ ವಾಸಿ.

'ಸಹ'ದ್ದೂ ಇದೇ ಪಾಡು. ಇದು ನಗು ಬರೋ ಕತೆ, ಆದರೆ ಪೂರ್ತಿ ನಗು ಅಲ್ಲ. ನಮ್ಮ ಕೇರಿಯಲ್ಲಿ ಹುಟ್ಟಿ, ಹಾಸ್ಟೆಲಿನಲ್ಲಿದ್ದು ಓದಿ, ಪಿಎಚ್‌ಡಿ ಮಾಡಿ ಅಸೋಸಿಯೇಟ್ ಪ್ರೊಫೆಸರ್ ಆದ ತಂಗಿಯೊಬ್ಬಳಿದ್ದಾಳೆ. ಕಾರ್ಡಿನಲ್ಲಿ 'ಸಹ ಪ್ರಾಧ್ಯಾಪಕರು' ಅಂತಿದೆ. ಅದಕ್ಕೂ ಮುಂಚೆ ಅವಳು 'ಸಹಾಯಕ ಪ್ರಾಧ್ಯಾಪಕಿ' ಆಗಿದ್ದಳು. ಕಾಲೇಜಿನಲ್ಲಿ ಸಹಾಯಕ ಕೆಳಗೆ, ಸಹ ಅದರ ಮೇಲೆ. ಆದರೆ ಊರಿನ ಸರ್ಕಾರಿ ಶಾಲೆಯಲ್ಲಿ ಹೆಡ್‌ಮಾಸ್ಟರ್ ಕೆಳಗಿರೋ ಮೇಷ್ಟ್ರುಗಳೆಲ್ಲ 'ಸಹ ಶಿಕ್ಷಕರು'. ಅಲ್ಲಿ ಸಹ ಅಂದ್ರೆ ಅಸಿಸ್ಟೆಂಟ್. ಊರಿನವರಿಗೆ ಗೊತ್ತಿರೋದು ಶಾಲೆಯ ಸಹ. ಬಡ್ತಿ ಬಂದ ವರ್ಷ ಅವಳ ದೊಡ್ಡವ್ವ ಕಾರ್ಡ್ ನೋಡಿಸಿಕೊಂಡು ಕೇಳಿದ್ದು ಇದು: 'ಇನ್ನೂ ಸಹನೇನವ್ವ? ಪೂರ್ತಿ ಯಾವಾಗ್ ಆಯ್ತೀಯಾ?' ಮೂರು ತಲೆಮಾರಿನಲ್ಲಿ ಯಾರೂ ಏರದ ಮೆಟ್ಟಿಲು ಏರಿದವಳನ್ನ, ಒಂದು ಉಪಸರ್ಗ ಅವಳದೇ ಊರಿನಲ್ಲಿ ಒಂದು ಮೆಟ್ಟಿಲು ಕೆಳಗಿಳಿಸಿ ಕೂರಿಸಿತು.

ಇಲ್ಲಿವರೆಗೆ ಹೇಳಿದ್ದು ಹುದ್ದೆ. ಈಗ ಗೌರವಕ್ಕೆ ಬರ್ತೀನಿ.

ಇಂಗ್ಲಿಷಿನಲ್ಲಿ ಹುದ್ದೆಯ ಹೆಸರಿಗೆ ಮರ್ಯಾದೆ ಅಂಟಲ್ಲ. ತಹಶೀಲ್ದಾರ್ ಅಂದ್ರೆ ತಹಶೀಲ್ದಾರ್, ಪಿಯೋನ್ ಅಂದ್ರೆ ಪಿಯೋನ್. ಕನ್ನಡದಲ್ಲಿ ಬಾಲ ಇದೆ. ನಿಮ್ಮ ತಾಲ್ಲೂಕು ಕಚೇರಿಯ ಬೋರ್ಡು, ಬಾಗಿಲ ಮೇಲಿನ ಫಲಕ, ಕಾರ್ಡು ಎಲ್ಲ ಒಂದು ಸಲ ಗಮನಿಸಿ. ಜಿಲ್ಲಾಧಿಕಾರಿ'ಗಳು'. ತಹಶೀಲ್ದಾರ'ರು'. ಗ್ರಾಮ ಲೆಕ್ಕಿಗ'ರು'. ಇಳಿದು ಇಳಿದು ಕೊನೆಗೆ ಬಂದಾಗ 'ಜವಾನ', 'ಗ್ರಾಮ ಸಹಾಯಕ'. ಒಬ್ಬರೇ ಇರೋ ಜಿಲ್ಲಾಧಿಕಾರಿಗೆ ಬಹುವಚನ, ತಾಲ್ಲೂಕಿನ ತುಂಬಾ ಇರೋ ಗ್ರಾಮ ಸಹಾಯಕರಿಗೆ ಏಕವಚನ. ಯಾವ ಸುತ್ತೋಲೆಯಲ್ಲೂ ಹೀಗೇ ಬರೀಬೇಕು ಅಂತ ನಾನಂತೂ ನೋಡಿಲ್ಲ. ಕೈ ತಾನಾಗಿಯೇ ಹಾಗೆ ಬರೆಯುತ್ತೆ. ಆ ಕೈಗೆ ಕಲಿಸಿದ್ದು ಯಾವುದು ಅಂತ ನಿಮಗೆ ನಾನು ಹೇಳಬೇಕಿಲ್ಲ.

ಗ್ರಾಮ ಸಹಾಯಕ ಅನ್ನೋ ಪದವೇ ನೋಡಿ. ಹಿಂದೆ ತೋಟಿ, ತಳವಾರ, ನೀರಗಂಟಿ ಅಂತಿದ್ದ ವಂಶಪಾರಂಪರ್ಯದ ಚಾಕರಿ. 1961ರ ಗ್ರಾಮ ಕಚೇರಿಗಳ ರದ್ದತಿ ಕಾಯ್ದೆ ಆ ವಂಶದ ಹಕ್ಕನ್ನೂ ವಂಶದ ಬಿಟ್ಟಿಯನ್ನೂ ತೆಗೆಯಿತು. ಆಮೇಲೆ ಬಂದ ಹೆಸರು ಗ್ರಾಮ ಸಹಾಯಕ. ನೋಟಿಸು ಮುಟ್ಟಿಸೋದು, ಟಾಂಟಾಂ ಹೊಡೆಯೋದು, ಲೆಕ್ಕಿಗರ ಹಿಂದೆ ಹೊಲ ಹೊಲ ತಿರುಗೋದು ಅದೇ ಉಳೀತು. ಸಿಗೋದು ಸಂಬಳ ಅಲ್ಲ, ಗೌರವಧನ. ನಮ್ಮ ಜನಕ್ಕೆ ಸರ್ಕಾರ 'ಗೌರವ' ಅನ್ನೋ ಪದ ಕೊಟ್ಟಿದ್ದು ಎಲ್ಲಿ ಅಂದ್ರೆ ಸಂಬಳ ಕೊಡಲು ಮನಸ್ಸಿಲ್ಲದ ಕಡೆ. ಲೆಕ್ಕಿಗರು ಈಗ 'ಗ್ರಾಮ ಆಡಳಿತ ಅಧಿಕಾರಿ' ಆಗಿದ್ದಾರೆ, ಒಳ್ಳೇದು. ಸಹಾಯಕ ಸಹಾಯಕನಾಗೇ ಇದ್ದಾನೆ.

ಮಳವಳ್ಳಿ ಕಡೆಯ ಒಬ್ಬರು ಹಿರಿಯರು ಇದೇ ಕೆಲಸ ಮಾಡಿ ಬಿಟ್ಟವರು. ಅವರನ್ನ ನಮ್ಮ ಒಂದು ಸಣ್ಣ ಸಂಘಕ್ಕೆ ಗೌರವಾಧ್ಯಕ್ಷರನ್ನಾಗಿ ಮಾಡಿದೆವು. ಕಾರ್ಡ್ ಮಾಡಿಸಲು ಹೋದಾಗ ಡಿಟಿಪಿ ಹುಡುಗ ಕನ್ನಡದ ಕಡೆ 'ಗೌರವಾಧ್ಯಕ್ಷ' ಅಂತ ಸರಿಯಾಗಿ ಹಾಕಿ, ಇಂಗ್ಲಿಷಿನ ಕಡೆ 'ಹಾನರಬಲ್ ಪ್ರೆಸಿಡೆಂಟ್' ಅಂತ ಹಾಕಿದ. ಗೌರವಾಧ್ಯಕ್ಷ ಅಂದ್ರೆ ಇಂಗ್ಲಿಷಿನಲ್ಲಿ ಹಾನರರಿ ಪ್ರೆಸಿಡೆಂಟ್. ಹಿರಿತನಕ್ಕೆ ಕೊಟ್ಟ ಸ್ಥಾನ, ಸಂಘದ ಪರವಾಗಿ ಸಹಿ ಹಾಕೋ ಅಧಿಕಾರ ಇಲ್ಲ. ಹಾನರಬಲ್ ಅಂದ್ರೆ 'ಮಾನ್ಯ', ಮಂತ್ರಿಗಳಿಗೆ, ನ್ಯಾಯಾಧೀಶರಿಗೆ ಹಾಕ್ತಾರಲ್ಲ, ಅದು. ಎರಡಕ್ಕೂ ಇಂಗ್ಲಿಷಿನಲ್ಲಿ ಮೊಟಕು ರೂಪ ಒಂದೇ, 'ಹಾನ್' ಚುಕ್ಕಿ. ಗೊಂದಲ ಅಲ್ಲಿಂದಲೇ ಶುರು. ಪ್ರಿಂಟಾಗಿ ಬಂದಿದ್ದರೆ ಕನ್ನಡ ಓದುವ ಬ್ಯಾಂಕ್ ಮ್ಯಾನೇಜರಿಗೆ ಅವರು ಸಹಿ ಇಲ್ಲದವರು, ಇಂಗ್ಲಿಷ್ ಓದುವ ಮ್ಯಾನೇಜರಿಗೆ ಅಧ್ಯಕ್ಷರಿಗಿಂತ ಮೇಲಿನವರು. ಖಾತೆ ತೆರೆಯುವಾಗ ಇಂಥದ್ದಕ್ಕೇ ಫೈಲು ವಾಪಸ್ ಬರೋದು.

ತಿದ್ದಿಸಿದೆವು. ಆಗ ಹಿರಿಯರು ಕೂತಲ್ಲಿಂದ ಕೇಳಿದರು, 'ಅಧ್ಯಕ್ಷ ಅಂದ್ಮೇಲೆ ಒಂದು ರು ಹಾಕಂಗಿಲ್ವಾ?' ಹುಡುಗ ನನ್ನ ಮುಖ ನೋಡಿದ. ಹಾಕು ಅಂದೆ. 'ಗೌರವಾಧ್ಯಕ್ಷರು' ಆಯಿತು. 'ಶ್ರೀ' ಹಾಕಲಾ ಅಂತಲೂ ಕೇಳಿದ. ಅದಕ್ಕೆ ಹಿರಿಯರೇ ಬೇಡ ಅಂದರು. 'ನನ್ನೆಸ್ರುಗೆ ನಾನೇ ಶ್ರೀ ಹಾಕೊಂಡ್ರೆ ನಗ್ತಾರೆ. ಬ್ಯಾರೇರು ಹಾಕ್ಲಿ.' ಕನ್ನಡದ ಮರ್ಯಾದೆ ಅವರಿಗೆ ಚೆನ್ನಾಗಿ ಗೊತ್ತಿತ್ತು. ಕನ್ನಡವೇ ಅವರಿಗೆ ಆ ಮರ್ಯಾದೆ ಕೊಟ್ಟಿರಲಿಲ್ಲ.

ಸಂವಿಧಾನದ 18ನೇ ವಿಧಿ ಬಿರುದುಗಳನ್ನ ರದ್ದು ಮಾಡಿದೆ. ಸೈನ್ಯದ್ದು, ವಿದ್ಯೆಯದ್ದು ಬಿಟ್ಟು ರಾಜ್ಯ ಯಾರಿಗೂ ಬಿರುದು ಕೊಡುವಂತಿಲ್ಲ. ರಾವ್‌ ಬಹದ್ದೂರ್‌ಗಳು ಹೋದರು. ಆದರೆ ವ್ಯಾಕರಣದಲ್ಲಿ ಅಡಗಿರೋ ಬಿರುದಿಗೆ ವಿಧಿ ಇಲ್ಲ. ನಮ್ಮ ಚಳವಳಿ ಇದನ್ನ ಬೇಗ ಕಂಡುಕೊಂಡಿತ್ತು ಅನ್ಸುತ್ತೆ. ದಲಿತ ಸಂಘರ್ಷ ಸಮಿತಿಯಲ್ಲಿ ಪ್ರೊ. ಬಿ. ಕೃಷ್ಣಪ್ಪನವರು 'ರಾಜ್ಯಾಧ್ಯಕ್ಷ' ಆಗಿರಲಿಲ್ಲ, 'ರಾಜ್ಯ ಸಂಚಾಲಕ' ಆಗಿದ್ದರು. ಸಂಚಾಲಕ ಅಂದ್ರೆ ನಡೆಸುವವನು, ಜೊತೆ ನಡೆಯುವವನು. ಪೀಠದ ವಾಸನೆ ಇಲ್ಲದ ಪದ. ಈಗ ಅದರೊಳಗೂ ಸಂಚಾಲಕ, ಸಂಘಟನಾ ಸಂಚಾಲಕ ಅಂತ ಮೆಟ್ಟಿಲಾಗಿದೆ. ಹೊರಗಿನವರು ಉದ್ದ ಇರೋದೇ ದೊಡ್ಡದು ಅಂದುಕೊಂಡು ಸಂಘಟನಾ ಸಂಚಾಲಕರಿಗೆ ಮೊದಲು ಕುರ್ಚಿ ಹಾಕ್ತಾರೆ. ಇರಲಿ.

ಈಗ ನಮ್ಮ ಹುಡುಗರು ಕಾರ್ಡ್ ಮಾಡಿಸುವಾಗ ಏನು ಮಾಡ್ತೀವಿ ಅಂತ ಹೇಳಿ ಮುಗಿಸ್ತೀನಿ. ಹುದ್ದೆಯ ಕೆಳಗೆ ಯಾವ ತಾಲ್ಲೂಕು, ಯಾವ ಹೋಬಳಿ ಅಂತ ಬರೆಸ್ತೀವಿ, ಯಾಕಂದ್ರೆ ಪದ ಸುಳ್ಳು ಹೇಳಬಹುದು, ಗಡಿ ಹೇಳಲ್ಲ. ಕನ್ನಡದ ಮುಖವನ್ನ ಮೊದಲು ಬರೆದು, ಅದನ್ನ ಇಂಗ್ಲಿಷ್ ಬಲ್ಲ ಬೇರೊಬ್ಬರ ಕೈಲಿ ಇಂಗ್ಲಿಷಿಗೆ ತಿರುಗಿಸಿ, ಆ ಇಂಗ್ಲಿಷನ್ನ ಮೂರನೆಯವರ ಕೈಲಿ ಕನ್ನಡಕ್ಕೆ ಹೇಳಿಸ್ತೀವಿ. ಹೊರಟ ಪದವೇ ವಾಪಸ್ ಬಂದರೆ ಪ್ರಿಂಟಿಗೆ ಕೊಡ್ತೀವಿ. ಉಪ, ಸಹ ಇರೋ ಕಡೆ ಹತ್ತರಲ್ಲಿ ಏಳು ಸಲ ವಾಪಸ್ ಬರಲ್ಲ, ಆಗ ಜನ ಬಾಯಲ್ಲಿ ಏನಂತಾರೋ ಅದನ್ನೇ ಹಾಕ್ತೀವಿ. ಪಿಎಸ್‌ಐ, ಡಿವೈಎಸ್ಪಿ, ಎ.ಸಿ. ಅನ್ನೋದು ಈಗ ಕನ್ನಡವೇ. ಮತ್ತೆ 'ರು' ಹಾಕಿದರೆ ಎಲ್ಲರಿಗೂ ಹಾಕ್ತೀವಿ, ಅಧ್ಯಕ್ಷರಿಂದ ಹಿಡಿದು ಬ್ಯಾನರ್ ಕಟ್ಟೋ ಹುಡುಗರವರೆಗೆ. ಬಿಟ್ಟರೆ ಎಲ್ಲರಿಗೂ ಬಿಡ್ತೀವಿ.

ಸಾಹೇಬರು ಕಾರ್ಡ್ ಕೊಟ್ಟಾಗ ಎರಡೂ ಮುಖ ಓದಿ. ಅರ್ಥ ಆಗದಿದ್ದರೆ ಅಲ್ಲೇ ನಿಂತು ಕೇಳಿ: 'ಸಾರ್, ಈ ಕೆಲಸಕ್ಕೆ ಆದೇಶ ಮಾಡೋದು ನೀವೇನಾ, ನಿಮ್ಮ ಮೇಲಿನವರಾ?' ಕೇಳೋಕೆ ಸಂಕೋಚ ಬೇಡ. ನಮ್ಮ ಹಿರೀಕರು ಎಷ್ಟೋ ಕಾಲ ಕೇಳದೇ 'ಬುದ್ಧಿ' ಅಂದುಕೊಂಡು ವಾಪಸ್ ಬಂದಿದ್ದಾರೆ.

ಜೈ ಭೀಮ್.